ಒಂದೇ ಕಂಪನಿ, ಮೂರು ಸಲ ಖರೀದಿ: ಷೇರು ಮಾರಿದಾಗ ಲಾಭದ ಲೆಕ್ಕ ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಜುಲೈ ಬಂತೆಂದರೆ ಬೆಂಗಳೂರಿನ ಆಡಿಟರ್‌ಗಳ ಫೋನಿಗೆ ಬರುವ ಸ್ಕ್ರೀನ್‌ಶಾಟ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಥರದವು: ಬ್ರೋಕರ್ ಆ್ಯಪ್‌ನಲ್ಲಿ ‘ಸರಾಸರಿ ಬೆಲೆ’ ಎಂಬ ಕಾಲಂ, ಅದರ ಸುತ್ತ ಕೆಂಪು ಗೆರೆ, ಕೆಳಗೆ ‘ಸಾರ್, ಇದನ್ನೇ ಹಿಡಿದು ಲೆಕ್ಕ ಹಾಕಿದ್ದೀನಿ, ಸರೀನಾ?’ ಎಂಬ ಪ್ರಶ್ನೆ. ಸರಿಯಲ್ಲ. ಯಾಕೆ ಸರಿಯಲ್ಲ, ಎಷ್ಟು ವ್ಯತ್ಯಾಸ ಬರುತ್ತದೆ ಎಂಬುದೇ ಈ ಪುಟದ ವಿಷಯ.

ಇಲ್ಲಿನ ಲೆಕ್ಕವೆಲ್ಲ ಭಾರತದಲ್ಲಿ ವಾಸವಿರುವ, ಸಂಬಳವೋ ಬೇರೆ ಆದಾಯವೋ ಇರುವ, ಹೂಡಿಕೆಗೆಂದು ಷೇರು ಇಟ್ಟುಕೊಂಡಿರುವ ವ್ಯಕ್ತಿಗೆ ಸಂಬಂಧಿಸಿದ್ದು. ಷೇರು ಪೇಟೆಯಲ್ಲಿ ಎಸ್‌ಟಿಟಿ ಎಂಬ ವಹಿವಾಟು ತೆರಿಗೆ ಕಟ್ಟಿ ಮಾರಿದ್ದು ಎಂದಿಟ್ಟುಕೊಳ್ಳಿ. ಲೆಕ್ಕ ಸುಲಭವಾಗಲಿ ಎಂದು ದಲ್ಲಾಳಿ ಶುಲ್ಕ ಬಿಟ್ಟಿದ್ದೇನೆ.

ಆ್ಯಪ್‌ನಲ್ಲಿ ಕಾಣುವ ಸರಾಸರಿ ಬೆಲೆಯಿಂದ ಲಾಭ ಲೆಕ್ಕ ಹಾಕಿದರೆ ಏನು ತಪ್ಪು?

ತೆರಿಗೆ ಇಲಾಖೆ ಪ್ರತಿ ಷೇರಿನ ಬಗ್ಗೆ ಎರಡು ವಿಷಯ ಕೇಳುತ್ತದೆ: ಎಷ್ಟಕ್ಕೆ ಕೊಂಡಿರಿ, ಯಾವತ್ತು ಕೊಂಡಿರಿ. ಕೊಂಡು 12 ತಿಂಗಳು ದಾಟಿದ್ದರೆ ದೀರ್ಘಾವಧಿ ಲಾಭ. 2024ರ ಜುಲೈ 23ರಿಂದ ಅದಕ್ಕೆ ಶೇ 12.5 ತೆರಿಗೆ, ಅದೂ ವರ್ಷಕ್ಕೆ ₹1.25 ಲಕ್ಷ ಮೀರಿದ ಭಾಗಕ್ಕೆ ಮಾತ್ರ. 12 ತಿಂಗಳು ದಾಟಿರದಿದ್ದರೆ ಅಲ್ಪಾವಧಿ ಲಾಭ, ಮೊದಲ ರೂಪಾಯಿಯಿಂದಲೇ ಶೇ 20. ಎರಡರ ಮೇಲೂ ಶೇ 4 ಸೆಸ್.

ಸರಾಸರಿ ಬೆಲೆ ಮೊದಲನೆಯದಕ್ಕೆ ಒಂದು ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಅದರ ಹತ್ತಿರ ಉತ್ತರವೇ ಇಲ್ಲ, ಏಕೆಂದರೆ ಬೆಲೆಗೆ ಸರಾಸರಿ ತೆಗೆಯಬಹುದು, ಕೊಂಡ ತಾರೀಕಿಗೆ ಸರಾಸರಿ ತೆಗೆಯಲಾಗದು. ಅದಕ್ಕೇ ಕಾಯ್ದೆ ಬೇರೆ ದಾರಿ ಹಿಡಿದಿದೆ. 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 45(2ಎ) ಪ್ರಕಾರ ಡಿಮ್ಯಾಟ್ ಖಾತೆಯಿಂದ ಮಾರಿದ ಷೇರಿಗೆ ಕೊಂಡ ಬೆಲೆ ಮತ್ತು ಇಟ್ಟುಕೊಂಡ ಅವಧಿ ಎರಡನ್ನೂ ‘ಮೊದಲು ಬಂದದ್ದು ಮೊದಲು ಹೋಯಿತು’ ಎಂಬ ಕ್ರಮದಲ್ಲೇ ನಿರ್ಧರಿಸಬೇಕು. ರೂಢಿಯಲ್ಲಿ ಇದಕ್ಕೆ ಫಿಫೋ ಎನ್ನುತ್ತಾರೆ. ಇದು ಆಯ್ಕೆಯಲ್ಲ, ಕಡ್ಡಾಯ. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಹೊಸ ಕಾಯ್ದೆಯಲ್ಲಿ ಕಲಂ ಸಂಖ್ಯೆ ಬದಲಾಗಿದೆ, ನಿಯಮ ಬದಲಾಗಿಲ್ಲ.

ನಾನು ಮಾರಿದ್ದು ಹೋದ ತಿಂಗಳು ಕೊಂಡ ಷೇರನ್ನೇ. ಹಾಗೆಂದು ಹೇಳಿಕೊಳ್ಳುವಂತಿಲ್ಲವೇ?

ಕಾಗದದ ಷೇರು ಪತ್ರಗಳ ಕಾಲದಲ್ಲಿ ಹೇಳಿಕೊಳ್ಳಬಹುದಿತ್ತು. ಪ್ರತಿ ಷೇರಿಗೂ ಅದರದೇ ಕ್ರಮಸಂಖ್ಯೆ ಇರುತ್ತಿತ್ತು. ಜೆ.ಸಿ. ರಸ್ತೆಯ ಬೆಂಗಳೂರು ಷೇರು ವಿನಿಮಯ ಕೇಂದ್ರದಲ್ಲಿ ವ್ಯವಹಾರ ಮಾಡಿದ ಹಿರಿಯರ ಬೀರುವಿನಲ್ಲಿ ಅಂಥ ಪತ್ರಗಳು ಈಗಲೂ ಸಿಗುತ್ತವೆ (ಆ ಕೇಂದ್ರವೇ 2014ರ ಕೊನೆಯಲ್ಲಿ ಬಾಗಿಲು ಹಾಕಿತು). ಯಾವ ಪತ್ರ ಕೊಟ್ಟಿರಿ ಎಂಬುದು ಕೈಗೆ ಕಾಣುವ ಸಂಗತಿಯಾಗಿತ್ತು.

1996ರ ಡಿಪಾಸಿಟರಿ ಕಾಯ್ದೆ ಬಂದ ಮೇಲೆ ಖಾತೆಯೊಳಗಿನ ಷೇರುಗಳಿಗೆ ಗುರುತಿಲ್ಲ. ಒಂದೇ ಡಬ್ಬಿಗೆ ಮೂರು ಸಲ ಸುರಿದ ಅಕ್ಕಿಯ ಹಾಗೆ, ಯಾವ ಕಾಳು ಯಾವಾಗ ಬಂತು ಎಂದು ಹೇಳಲಾಗದು. ಗುರುತೇ ಇಲ್ಲದ ಮೇಲೆ ಯಾವುದು ಹೊರಗೆ ಹೋಯಿತು ಎಂದು ಯಾರಾದರೂ ತೀರ್ಮಾನಿಸಬೇಕಲ್ಲ? ಅದನ್ನು ಮಾರುವವರಿಗೆ ಬಿಡದೆ ಕಾಯ್ದೆಯೇ ತೀರ್ಮಾನಿಸಿತು: ಹಳೆಯದು ಮೊದಲು. ಬ್ರೋಕರ್‌ಗೆ ಫೋನ್ ಮಾಡಿ ‘ಹೊಸ ಲಾಟ್ ಮಾರಿ’ ಎಂದು ಹೇಳಿದರೂ, ಇಮೇಲ್ ಬರೆದಿಟ್ಟುಕೊಂಡರೂ ತೆರಿಗೆ ಲೆಕ್ಕಕ್ಕೆ ಅದು ನಿಲ್ಲುವುದಿಲ್ಲ.

ಒಂದು ಪೂರ್ತಿ ಲೆಕ್ಕ ಹಾಕಿ ತೋರಿಸುತ್ತೀರಾ?

ಬಸವನಗುಡಿಯಲ್ಲಿರುವ ಒಬ್ಬ ಕಾಲೇಜು ಉಪನ್ಯಾಸಕಿ ಎಂದುಕೊಳ್ಳಿ. ಮೇಡಂ ಒಂದೇ ಕಂಪನಿಯ ಷೇರನ್ನು ಒಂದೇ ಡಿಮ್ಯಾಟ್ ಖಾತೆಯಲ್ಲಿ ಮೂರು ಸಲ ಕೊಂಡಿದ್ದಾರೆ.

2021ರ ಜೂನ್ 10: 500 ಷೇರು, ತಲಾ ₹200, ಒಟ್ಟು ₹1,00,000
2023ರ ಮಾರ್ಚ್ 6: 500 ಷೇರು, ತಲಾ ₹400, ಒಟ್ಟು ₹2,00,000
2024ರ ಜುಲೈ 15: 500 ಷೇರು, ತಲಾ ₹600, ಒಟ್ಟು ₹3,00,000

ಒಟ್ಟು 1,500 ಷೇರು, ಹಾಕಿದ ದುಡ್ಡು ₹6,00,000, ಸರಾಸರಿ ₹400. ಮನೆ ರಿಪೇರಿಗೆ ದುಡ್ಡು ಬೇಕಾಗಿ 2024ರ ನವೆಂಬರ್ 21ರಂದು 750 ಷೇರನ್ನು ₹700ರಂತೆ ಮಾರಿದರು. ಕೈಗೆ ಬಂದದ್ದು ₹5,25,000.

ಸರಾಸರಿ ಹಿಡಿದರೆ ಪ್ರತಿ ಷೇರಿಗೆ ₹300 ಲಾಭ, 750ಕ್ಕೆ ₹2,25,000. ಇದರಲ್ಲಿ ದೀರ್ಘಾವಧಿ ಎಷ್ಟು, ಅಲ್ಪಾವಧಿ ಎಷ್ಟು? ಗೊತ್ತಿಲ್ಲ. ‘ಎಲ್ಲಾ ಹಳೇದೇ ಅಲ್ವಾ’ ಎಂದು ಪೂರ್ತಿಯಾಗಿ ದೀರ್ಘಾವಧಿಗೆ ಹಾಕುವವರೇ ಹೆಚ್ಚು. ಹಾಗೆ ಹಾಕಿದರೆ ₹1.25 ಲಕ್ಷ ಕಳೆದು ಉಳಿದ ₹1,00,000ಕ್ಕೆ ಶೇ 12.5, ಅಂದರೆ ₹12,500. ಸೆಸ್ ₹500 ಸೇರಿ ₹13,000.

ಈಗ ಕಾಯ್ದೆ ಹೇಳಿದಂತೆ. 750ರಲ್ಲಿ ಮೊದಲು ಹೋಗುವುದು 2021ರ 500. ಅವುಗಳ ಮೇಲೆ ತಲಾ ₹500 ಲಾಭ, ಒಟ್ಟು ₹2,50,000. ಇನ್ನುಳಿದ 250 ಹೋಗುವುದು 2023ರ ಲಾಟ್‌ನಿಂದ, ತಲಾ ₹300 ಲಾಭ, ಒಟ್ಟು ₹75,000. ಎರಡೂ 12 ತಿಂಗಳು ದಾಟಿವೆ. ಒಟ್ಟು ದೀರ್ಘಾವಧಿ ಲಾಭ ₹3,25,000. ವಿನಾಯಿತಿ ಕಳೆದರೆ ₹2,00,000. ತೆರಿಗೆ ₹25,000, ಸೆಸ್ ₹1,000, ಒಟ್ಟು ₹26,000.

ನಿಜವಾದ ತೆರಿಗೆಯ ಅರ್ಧದಷ್ಟನ್ನು ಮಾತ್ರ ಕಟ್ಟಿದಂತಾಯಿತು. ಬೆಲೆ ಏರುತ್ತಲೇ ಬಂದ ಷೇರಿನಲ್ಲಿ ಸರಾಸರಿ ಲೆಕ್ಕ ಮೊದಲ ಮಾರಾಟದ ಲಾಭವನ್ನು ಯಾವಾಗಲೂ ಕಡಿಮೆ ತೋರಿಸುತ್ತದೆ. ಇಳಿಯುತ್ತ ಬಂದ ಷೇರಿನಲ್ಲಿ ಇದು ತಿರುಗಾಮುರುಗಾ: ಹಳೆಯ ಲಾಟ್ ದುಬಾರಿಯದಾದ್ದರಿಂದ ಫಿಫೋದಲ್ಲೇ ಲಾಭ ಕಡಿಮೆ ಬರುತ್ತದೆ, ಸರಾಸರಿ ಹಾಕಿದವರು ಸುಮ್ಮನೆ ಹೆಚ್ಚು ತೆರಿಗೆ ಕಟ್ಟಿರುತ್ತಾರೆ.

ಎಲ್ಲಾ ಮಾರಿ ಮುಗಿಸಿದಾಗ ಒಟ್ಟು ಲಾಭ ಒಂದೇ ತಾನೇ? ಹಾಗಾದರೆ ಏನು ವ್ಯತ್ಯಾಸ?

ಒಟ್ಟು ಲಾಭ ಒಂದೇ, ಒಟ್ಟು ತೆರಿಗೆ ಒಂದೇ ಅಲ್ಲ. ಮೇಡಂ ಲೆಕ್ಕವನ್ನೇ ಮುಂದುವರಿಸೋಣ.

ಅವರ ಹತ್ತಿರ ಈಗ 750 ಷೇರು ಉಳಿದಿವೆ: 2023ರ ₹400ರವು 250, 2024ರ ₹600ರವು 500. ಮುಂದಿನ ಹಣಕಾಸು ವರ್ಷದಲ್ಲಿ, 2025ರ ಏಪ್ರಿಲ್ 21ರಂದು, ಇವನ್ನೂ ₹700ಕ್ಕೆ ಮಾರಿದರು ಎನ್ನಿ. 250ರ ಮೇಲೆ ₹75,000 ದೀರ್ಘಾವಧಿ ಲಾಭ. 500ರ ಮೇಲೆ ತಲಾ ₹100, ಒಟ್ಟು ₹50,000. ಆದರೆ ಈ 500 ಕೊಂಡು ಇನ್ನೂ 12 ತಿಂಗಳಾಗಿಲ್ಲ, ಹಾಗಾಗಿ ಅಲ್ಪಾವಧಿ. ಎರಡು ವರ್ಷ ಕೂಡಿಸಿದರೆ ₹3,25,000 ಮತ್ತು ₹1,25,000, ಒಟ್ಟು ₹4,50,000. ಸರಾಸರಿಯಲ್ಲಿ ಎರಡು ಸಲ ₹2,25,000, ಅದೂ ₹4,50,000. ಲಾಭ ಎಲ್ಲೂ ಕರಗಿಲ್ಲ, ವರ್ಷಗಳ ನಡುವೆ ಹಂಚಿಕೆ ಮಾತ್ರ ಬೇರೆ.

ತೆರಿಗೆ ನೋಡಿ. ಎರಡನೇ ವರ್ಷದ ದೀರ್ಘಾವಧಿ ಲಾಭ ₹75,000 ವಿನಾಯಿತಿಯೊಳಗೇ ಮುಗಿಯಿತು. ಅಲ್ಪಾವಧಿಯ ₹50,000ಕ್ಕೆ ಶೇ 20, ಸೆಸ್ ಸೇರಿ ₹10,400. ಅದೇ ಮೇಡಂ ಮೂರು ತಿಂಗಳು ತಡೆದು ಜುಲೈ 21ರಂದು ಅದೇ ಬೆಲೆಗೆ ಮಾರಿದ್ದರೆ? ಕೊನೆಯ ಲಾಟ್‌ಗೂ 12 ತಿಂಗಳು ದಾಟಿರುತ್ತಿತ್ತು. ₹75,000 ಮತ್ತು ₹50,000 ಸೇರಿ ಸರಿಯಾಗಿ ₹1,25,000, ಪೂರ್ತಿ ವಿನಾಯಿತಿಯೊಳಗೆ. ತೆರಿಗೆ ಸೊನ್ನೆ. ಅಷ್ಟರಲ್ಲಿ ಬೆಲೆ ಬಿದ್ದುಬಿಟ್ಟರೆ ಎಂಬ ಪ್ರಶ್ನೆ ಬೇರೆ, ಅದನ್ನು ಅವರವರೇ ಯೋಚಿಸಬೇಕು. ಆದರೆ ಲಾಟ್‌ವಾರು ತಾರೀಕು ಕಣ್ಣ ಮುಂದಿಲ್ಲದಿದ್ದರೆ ಯೋಚಿಸಲು ವಿಷಯವೇ ಇರುವುದಿಲ್ಲ. ಸರಾಸರಿ ಲೆಕ್ಕದ ನಿಜವಾದ ನಷ್ಟ ಇದು.

ಅರ್ಧ ಮಾರಿದ ಮೇಲೆ ಆ್ಯಪ್‌ನಲ್ಲಿ ಸರಾಸರಿ ಬೆಲೆ ₹400ರಿಂದ ₹533ಕ್ಕೆ ಹಾರಿತು. ಬ್ರೋಕರ್ ಏನೋ ತಪ್ಪು ಮಾಡಿದ್ದಾರಾ?

ಇಲ್ಲ, ಸರಿಯಾಗಿ ಮಾಡಿದ್ದಾರೆ. ಅಗ್ಗದ ಹಳೆಯ ಲಾಟ್ ಹೊರಗೆ ಹೋಗಿದೆ. ಉಳಿದ 250ಕ್ಕೆ ₹1,00,000, 500ಕ್ಕೆ ₹3,00,000, ಒಟ್ಟು ₹4,00,000. 750ರಿಂದ ಭಾಗಿಸಿದರೆ ₹533.33. ಅಂದರೆ ಆ ಆ್ಯಪ್ ಫಿಫೋ ಪ್ರಕಾರ ಉಳಿದ ಲಾಟ್‌ಗಳ ಸರಾಸರಿ ತೋರಿಸುತ್ತಿದೆ.

ನಿಮ್ಮ ಆ್ಯಪ್ ಯಾವ ಪದ್ಧತಿಯದು ಎಂದು ತಿಳಿಯಲು ಇದೇ ಸುಲಭದ ಪರೀಕ್ಷೆ. ಬೇರೆಬೇರೆ ಬೆಲೆಗೆ ಕೊಂಡ ಷೇರಿನಲ್ಲಿ ಒಂದಿಷ್ಟು ಮಾರಿದ ಮೇಲೆ ಸರಾಸರಿ ಬೆಲೆ ಬದಲಾದರೆ ಅದು ಫಿಫೋ. ಮಾರಿದ ಮೇಲೂ ಮೊದಲಿದ್ದಷ್ಟೇ ಇದ್ದರೆ ಅದು ಸರಾಸರಿ ಪದ್ಧತಿ. ಅಂಥ ಕಡೆ ಹೋಲ್ಡಿಂಗ್ ಪುಟ ನೋಡಿ ತೆರಿಗೆ ಲೆಕ್ಕ ಹಾಕಬೇಡಿ, ‘ಟ್ಯಾಕ್ಸ್ ಪಿ ಅಂಡ್ ಎಲ್’ ವರದಿಯನ್ನು ಬೇರೆಯಾಗಿ ಇಳಿಸಿಕೊಳ್ಳಿ.

ಒಂದೇ ಷೇರನ್ನು ದೀರ್ಘಾವಧಿಗೂ ಇಟ್ಟುಕೊಂಡಿದ್ದೇನೆ, ಆಗಾಗ ಎರಡು ಮೂರು ದಿನದ ಟ್ರೇಡಿಂಗ್ ಕೂಡ ಮಾಡುತ್ತೇನೆ. ಪರವಾಗಿಲ್ಲವೇ?

ನನ್ನ ಪ್ರಕಾರ ಜನ ಅತಿ ಹೆಚ್ಚು ಎಡವುವುದು ಇಲ್ಲೇ. ಮೇಡಂ ಹತ್ತಿರ 750 ಉಳಿದಿದ್ದ ಸಮಯದಲ್ಲಿ ಅವರ ತಂಗಿಯ ಮಗ ಅದೇ ಖಾತೆಯಲ್ಲಿ ಸೋಮವಾರ 100 ಷೇರು ₹700ಕ್ಕೆ ಕೊಂಡು ಬುಧವಾರ ₹715ಕ್ಕೆ ಮಾರಿದ ಎನ್ನಿ. ‘ದೊಡ್ಡಮ್ಮ, ₹1,500 ಲಾಭ ಮಾಡಿಕೊಟ್ಟೆ’ ಎನ್ನುತ್ತಾನೆ. ಬ್ಯಾಂಕ್ ಖಾತೆ ನೋಡಿದರೆ ಅವನ ಮಾತು ನಿಜ. ತೆರಿಗೆ ಲೆಕ್ಕದಲ್ಲಿ ಬುಧವಾರ ಹೊರಗೆ ಹೋದದ್ದು ಸೋಮವಾರದ ಷೇರಲ್ಲ, 2023ರಲ್ಲಿ ₹400ಕ್ಕೆ ಕೊಂಡದ್ದು. ಲಾಭ ತಲಾ ₹315, ಒಟ್ಟು ₹31,500, ದೀರ್ಘಾವಧಿ. ಸೋಮವಾರ ₹700ಕ್ಕೆ ಕೊಂಡ 100 ಷೇರು ಸಾಲಿನ ಕೊನೆಗೆ ಹೋಗಿ ಹೊಸ ತಾರೀಕಿನೊಂದಿಗೆ ಕೂತಿದೆ.

ತಿಂಗಳಿಗೆ ನಾಲ್ಕು ಸಲ ಹೀಗೆ ಮಾಡಿದರೆ ವರ್ಷ ಕಳೆಯುವುದರೊಳಗೆ ಹಳೆಯ ಲಾಟ್ ಪೂರ್ತಿ ಕರಗಿ ಎಲ್ಲವೂ ಹೊಸ ಖರೀದಿಯಾಗಿಬಿಡುತ್ತದೆ. ‘ನಾನು ಮುಟ್ಟೇ ಇಲ್ಲ’ ಎಂದುಕೊಂಡ ಹೂಡಿಕೆ ಕಾಗದದ ಮೇಲೆ ಮಾರಾಟವಾಗಿ ಹೋಗಿರುತ್ತದೆ.

ಹಾಗಾದರೆ ಎರಡು ಡಿಮ್ಯಾಟ್ ಖಾತೆ ಇಟ್ಟುಕೊಳ್ಳಬಹುದೇ?

ಇಟ್ಟುಕೊಳ್ಳಬಹುದು, ಕಾನೂನಿನಲ್ಲೇ ಜಾಗವಿದೆ. 1998ರ ಜೂನ್ 24ರಂದು ಕೇಂದ್ರ ನೇರ ತೆರಿಗೆ ಮಂಡಳಿ ಹೊರಡಿಸಿದ 768ನೇ ಸುತ್ತೋಲೆ ಇದನ್ನು ಸ್ಪಷ್ಟವಾಗಿ ಹೇಳಿದೆ: ಒಬ್ಬರಿಗೆ ಒಂದಕ್ಕಿಂತ ಹೆಚ್ಚು ಖಾತೆ ಇದ್ದರೆ ಫಿಫೋ ಖಾತೆವಾರು ಅನ್ವಯಿಸುತ್ತದೆ. ಒಂದು ಖಾತೆಯಿಂದ ಮಾರಿದಾಗ ಇನ್ನೊಂದು ಖಾತೆಯ ಹಳೆಯ ಷೇರು ಹೋಯಿತು ಎಂದು ಎಣಿಸುವಂತಿಲ್ಲ.

ಇದರ ಪರಿಣಾಮ ನೋಡಿ. ಮೇಡಂ ಮೊದಲ ಎರಡು ಲಾಟ್ ಒಂದು ಖಾತೆಯಲ್ಲೂ, ₹600ರ ಮೂರನೆಯದನ್ನು ಇನ್ನೊಂದು ಖಾತೆಯಲ್ಲೂ ಇಟ್ಟಿದ್ದರು ಎನ್ನಿ. ಆ ನವೆಂಬರ್ 21ರಂದು ಅವರಿಗೆ 500 ಷೇರು ಮಾರಿದರೆ ಸಾಕಿತ್ತು. ಮೊದಲ ಖಾತೆಯಿಂದ ಮಾರಿದರೆ ₹2,50,000 ದೀರ್ಘಾವಧಿ ಲಾಭ, ವಿನಾಯಿತಿ ಕಳೆದು ತೆರಿಗೆ ಸೆಸ್ ಸೇರಿ ₹16,250. ಎರಡನೆಯದರಿಂದ ಮಾರಿದರೆ ₹50,000 ಅಲ್ಪಾವಧಿ ಲಾಭ, ತೆರಿಗೆ ₹10,400. ಅದೇ ಷೇರು, ಅದೇ ದಿನ, ಅದೇ ಬೆಲೆ.

ಎರಡನೆಯದೇ ಜಾಣತನ ಎಂದು ತಕ್ಷಣ ಹೇಳಿಬಿಡಲು ಮನಸ್ಸಾಗುತ್ತದೆ, ಆದರೆ ನಾನು ಹೇಳುವುದಿಲ್ಲ. ಹಾಗೆ ಮಾಡಿದಾಗ ಆ ವರ್ಷದ ₹1.25 ಲಕ್ಷದ ವಿನಾಯಿತಿ ಬಳಕೆಯಾಗದೇ ಹೋಯಿತು, ಮುಂದಿನ ವರ್ಷಕ್ಕೆ ಅದನ್ನು ಒಯ್ಯಲಾಗದು. ₹2,50,000 ಲಾಭ ಮೊದಲ ಖಾತೆಯಲ್ಲಿ ಹಾಗೇ ಕಾದಿದೆ. ಬೇರೆ ಷೇರುಗಳಿಂದ ವಿನಾಯಿತಿ ಮೊದಲೇ ಮುಗಿದಿದೆಯೇ, ಮುಂದೆ ಯಾವಾಗ ಮಾರುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಟ್ರೇಡಿಂಗ್‌ಗೆ ಒಂದು ಖಾತೆ, ಹೂಡಿಕೆಗೆ ಒಂದು ಖಾತೆ ಎಂಬ ವಿಂಗಡಣೆ ಮಾತ್ರ ಎಲ್ಲರಿಗೂ ಒಳ್ಳೆಯದು. ಅದರ ವಾರ್ಷಿಕ ಶುಲ್ಕ ದಂಡವಲ್ಲ.

ಒಂದು ಖಾತೆಯಿಂದ ನನ್ನದೇ ಇನ್ನೊಂದು ಖಾತೆಗೆ ಷೇರು ವರ್ಗಾಯಿಸಿದರೆ?

ನಿಮ್ಮಿಂದ ನಿಮಗೇ ಹೋದದ್ದು ಮಾರಾಟವಲ್ಲ, ತೆರಿಗೆ ಬರುವುದಿಲ್ಲ. ಕೊಂಡ ಬೆಲೆ, ಕೊಂಡ ತಾರೀಕು ಎರಡೂ ಹಳೆಯವೇ ಉಳಿಯುತ್ತವೆ. ಆದರೆ ಆ ಸುತ್ತೋಲೆಯ ಪ್ರಕಾರ ಸಾಲಿನಲ್ಲಿ ಯಾರು ಮೊದಲು ಎಂಬುದು ಖಾತೆಗೆ ಷೇರು ಬಂದ ದಿನಾಂಕದ ಮೇಲೆ ನಿಂತಿದೆ. ಮನೆಯಲ್ಲಿದ್ದ ಹಳೆಯ ಕಾಗದದ ಷೇರನ್ನು ಇಂದು ಡಿಮ್ಯಾಟ್ ಮಾಡಿಸಿದರೆ, ಕೊಂಡದ್ದು 1994ರಲ್ಲಾದರೂ ಅದು ಸಾಲಿನ ಕೊನೆಗೇ ನಿಲ್ಲುತ್ತದೆ. ಮಾರುವ ಸರದಿ ಬಂದಾಗ ಇಟ್ಟುಕೊಂಡ ಅವಧಿಯನ್ನು 1994ರಿಂದಲೇ ಎಣಿಸಬಹುದು.

ತೊಂದರೆ ಬರುವುದು ವರದಿಗಳಲ್ಲಿ. ಹೊಸ ಬ್ರೋಕರ್‌ಗೆ ನೀವು ಎಷ್ಟಕ್ಕೆ ಕೊಂಡಿರಿ ಎಂಬುದು ಗೊತ್ತಿರುವುದಿಲ್ಲ. ಕೊಂಡ ಬೆಲೆಯ ಜಾಗ ಖಾಲಿ ಇರಬಹುದು, ಇಲ್ಲವೇ ವರ್ಗಾವಣೆಯ ದಿನದ ಬೆಲೆ ಬಂದು ಕೂತಿರಬಹುದು. ಪ್ರತಿ ವಹಿವಾಟಿಗೂ ಬ್ರೋಕರ್ ಕೊಟ್ಟಿರುವ ಹಳೆಯ ಕಾಂಟ್ರ್ಯಾಕ್ಟ್ ನೋಟ್ ನೋಡಿ ಲಾಟ್‌ವಾರು ಬೆಲೆ ಮತ್ತು ತಾರೀಕನ್ನು ನೀವೇ ತುಂಬಬೇಕು. ಹಳೆಯ ಖಾತೆ ಮುಚ್ಚುವ ಮೊದಲೇ ಎಲ್ಲ ವರ್ಷಗಳ ವರದಿ ಇಳಿಸಿಕೊಳ್ಳಿ. ಮುಚ್ಚಿದ ಮೇಲೆ ಲಾಗಿನ್ ಇರುವುದಿಲ್ಲ, ಕಸ್ಟಮರ್ ಕೇರ್‌ನಲ್ಲಿ ಹಾಡು ಕೇಳುತ್ತ ಕೂರಬೇಕಾಗುತ್ತದೆ.

ಬೋನಸ್ ಷೇರು ಬಂದರೆ ಕೊಂಡ ಬೆಲೆ ಅರ್ಧವಾಗುತ್ತದೆ ಅಲ್ಲವೇ?

ಆ್ಯಪ್‌ನಲ್ಲಿ ಅರ್ಧವಾಗುತ್ತದೆ, ತೆರಿಗೆಯಲ್ಲಿ ಆಗುವುದಿಲ್ಲ. ₹600ಕ್ಕೆ ಕೊಂಡ 500 ಷೇರಿಗೆ ಒಂದಕ್ಕೊಂದು ಬೋನಸ್ ಬಂತು ಎನ್ನಿ. ಸರಾಸರಿ ದೃಷ್ಟಿಯಲ್ಲಿ 1,000 ಷೇರು, ತಲಾ ₹300. ತೆರಿಗೆ ದೃಷ್ಟಿಯಲ್ಲಿ ಅವು ಎರಡು ಲಾಟ್: ಮೂಲದ 500ರ ಬೆಲೆ ₹600, ಬೋನಸ್ 500ರ ಬೆಲೆ ಸೊನ್ನೆ, ಅವುಗಳ ತಾರೀಕು ಹಂಚಿಕೆಯಾದ ದಿನದ್ದು. ಬೋನಸ್ ಆದ ಮೇಲೆ ಪೇಟೆ ಬೆಲೆ ₹350 ಇದ್ದು ನೀವು 500 ಮಾರಿದರೆ ಆ್ಯಪ್ ಲೆಕ್ಕದಲ್ಲಿ ₹25,000 ಲಾಭ, ಫಿಫೋದಲ್ಲಿ ₹1,25,000 ನಷ್ಟ. ಆಮೇಲೆ ಉಳಿದ 500 ಮಾರಿದಾಗ ಬಂದ ದುಡ್ಡೆಲ್ಲ ಲಾಭವೇ.

ಆ ನಷ್ಟ ಕಂಡು ಹಿಗ್ಗುವ ಮೊದಲು ಒಂದು ನೋಡಿಕೊಳ್ಳಿ. ಬೋನಸ್‌ನ ರೆಕಾರ್ಡ್ ದಿನಾಂಕಕ್ಕೆ ಹಿಂದಿನ ಮೂರು ತಿಂಗಳೊಳಗೆ ಕೊಂಡು, ಅದಾದ ಒಂಬತ್ತು ತಿಂಗಳೊಳಗೆ ಮೂಲ ಷೇರು ಮಾರಿ, ಬೋನಸ್ ಷೇರು ಕೈಯಲ್ಲಿಟ್ಟುಕೊಂಡಿದ್ದರೆ 1961ರ ಕಾಯ್ದೆಯ ಕಲಂ 94(8) ಆ ನಷ್ಟವನ್ನು ಒಪ್ಪುವುದಿಲ್ಲ. ಅದು ಬೋನಸ್ ಷೇರಿನ ಬೆಲೆಯಾಗಿ ಸೇರಿಕೊಳ್ಳುತ್ತದೆ.

ಮುಖಬೆಲೆ ವಿಭಜನೆ ಹಾಗಲ್ಲ. ₹600ರ ಒಂದು ಷೇರು ಎರಡಾದರೆ ಎರಡಕ್ಕೂ ತಲಾ ₹300, ತಾರೀಕು ಹಳೆಯದೇ.

ವಿನಾಯಿತಿ ಬಳಸಿಕೊಳ್ಳಲು ಮಾರ್ಚ್‌ನಲ್ಲಿ ಬೆಳಿಗ್ಗೆ ಮಾರಿ ಮಧ್ಯಾಹ್ನ ವಾಪಸ್ ಕೊಂಡೆ. ಲೆಕ್ಕಕ್ಕೆ ಬರುತ್ತದಾ?

ಬರುವುದಿಲ್ಲ. ಒಂದೇ ದಿನ ಅಷ್ಟೇ ಷೇರು ಮಾರಿ ಕೊಂಡರೆ ಡಿಮ್ಯಾಟ್ ಖಾತೆಯಿಂದ ಏನೂ ಹೊರಗೆ ಹೋಗಲಿಲ್ಲ. ಅದು ಇಂಟ್ರಾಡೇ, ತೆರಿಗೆ ಭಾಷೆಯಲ್ಲಿ ಸಟ್ಟಾ ವ್ಯವಹಾರ. ಬೆಳಿಗ್ಗೆ ಮತ್ತು ಮಧ್ಯಾಹ್ನದ ಬೆಲೆಯ ಅಂತರವಷ್ಟೇ ಲಾಭ ಅಥವಾ ನಷ್ಟ. ಹಳೆಯ ಲಾಟ್ ಹಳೆಯ ಬೆಲೆಯಲ್ಲೇ ಇರುತ್ತದೆ. ಇವತ್ತು ಮಾರಿ, ಮುಂದಿನ ವಹಿವಾಟಿನ ದಿನ ಕೊಳ್ಳಿ. ಮಧ್ಯೆ ಬೆಲೆ ಏರಿದರೆ ಅದು ನಿಮ್ಮ ಪಾಲಿನ ಖರ್ಚು. ಹೊಸದಾಗಿ ಕೊಂಡದ್ದಕ್ಕೆ 12 ತಿಂಗಳ ಎಣಿಕೆಯೂ ಹೊಸದಾಗಿ ಶುರು.

2018ಕ್ಕೆ ಮೊದಲು ಕೊಂಡ ಷೇರಿಗೂ ಇದೇ ಲೆಕ್ಕವೇ?

ಕ್ರಮ ಇದೇ, ಬೆಲೆಯಲ್ಲಿ ಒಂದು ರಿಯಾಯಿತಿ ಇದೆ. 2018ರ ಜನವರಿ 31ಕ್ಕೆ ಅಥವಾ ಅದಕ್ಕೂ ಮೊದಲು ಕೊಂಡದ್ದಾದರೆ ಆ ದಿನದ ಗರಿಷ್ಠ ಬೆಲೆ ಮತ್ತು ನೀವು ಮಾರಿದ ಬೆಲೆ, ಇವೆರಡರಲ್ಲಿ ಕಡಿಮೆಯದನ್ನು ತೆಗೆದುಕೊಳ್ಳಿ. ಅದಕ್ಕೂ ನಿಜವಾಗಿ ಕೊಂಡ ಬೆಲೆಗೂ ಹೋಲಿಸಿ ಹೆಚ್ಚಿನದನ್ನು ಕೊಂಡ ಬೆಲೆ ಎಂದು ಹಿಡಿಯಿರಿ. ₹100ಕ್ಕೆ ಕೊಂಡದ್ದು, ಆ ದಿನದ ಗರಿಷ್ಠ ₹260, ಈಗ ₹700ಕ್ಕೆ ಮಾರಿದ್ದಾದರೆ ಕೊಂಡ ಬೆಲೆ ₹260. ಮಾರಿದ್ದು ₹220ಕ್ಕಾದರೆ ಕೊಂಡ ಬೆಲೆಯೂ ₹220, ಲಾಭ ಇಲ್ಲ. ಇದನ್ನು ಲಾಟ್‌ವಾರು ಮಾಡಬೇಕು. 2016 ಮತ್ತು 2020ರ ಖರೀದಿಯ ಸರಾಸರಿ ತೆಗೆದವರಿಗೆ ಈ ರಿಯಾಯಿತಿ ಪಡೆಯಲು ದಾರಿಯೇ ಇರುವುದಿಲ್ಲ.

ಮ್ಯೂಚುವಲ್ ಫಂಡ್ ಎಸ್‌ಐಪಿಗೆ?

ಅಲ್ಲೂ ಫಿಫೋ. ಪ್ರತಿ ಕಂತೂ ಒಂದು ಲಾಟ್. ಫಂಡ್‌ಗಳ ರಿಜಿಸ್ಟ್ರಾರ್‌ಗಳು ಕೊಡುವ ಬಂಡವಾಳ ಲಾಭದ ಪಟ್ಟಿ ಈ ಕ್ರಮದಲ್ಲೇ ಇರುತ್ತದೆ.

ಸರಾಸರಿ ಪದ್ಧತಿ ಎಲ್ಲೂ ನಡೆಯುವುದೇ ಇಲ್ಲವೇ?

ನಡೆಯುತ್ತದೆ. ಷೇರನ್ನು ವ್ಯಾಪಾರದ ಸರಕಾಗಿ ಇಟ್ಟುಕೊಂಡು ಆದಾಯವನ್ನು ವ್ಯವಹಾರದ ಲಾಭವೆಂದು ತೋರಿಸುವವರಿಗೆ ಐಸಿಡಿಎಸ್ ಎಂಬ ಲೆಕ್ಕಪದ್ಧತಿಯ ಎಂಟನೇ ಮಾನದಂಡವಿದೆ. ಯಾವ ಷೇರು ಎಂದು ನಿಖರವಾಗಿ ಗುರುತಿಸಲಾಗದಿದ್ದರೆ ಫಿಫೋ ಅಥವಾ ತೂಕದ ಸರಾಸರಿ, ಎರಡರಲ್ಲಿ ಒಂದನ್ನು ಬಳಸಲು ಅದು ಬಿಡುತ್ತದೆ. ಅವರಿಗೆ ಅಲ್ಪಾವಧಿ, ದೀರ್ಘಾವಧಿ ಎಂಬ ಭೇದವೇ ಇಲ್ಲ, ಆದ್ದರಿಂದ ತಾರೀಕು ಕಳೆದುಹೋದರೂ ನಷ್ಟವಿಲ್ಲ. ಕೆನಡಾದಲ್ಲಿ ಹೂಡಿಕೆದಾರರಿಗೇ ಸರಾಸರಿ ಕಡ್ಡಾಯ. ಬ್ರಿಟನ್ನಿನಲ್ಲೂ ಬಹುಪಾಲು ಹಾಗೇ, ಮಾರಿದ ದಿನವೇ ಅಥವಾ ಮುಂದಿನ 30 ದಿನದೊಳಗೆ ಮತ್ತೆ ಕೊಂಡದ್ದಕ್ಕೆ ಮಾತ್ರ ಬೇರೆ ನಿಯಮ. ಇಂಟರ್‌ನೆಟ್‌ನಲ್ಲಿ ಸಿಗುವ ವಿಡಿಯೊ ಯಾವ ದೇಶದ್ದು ಎಂದು ಮೊದಲು ನೋಡಿ.

ಬೆಳ್ಳಂದೂರು, ವೈಟ್‌ಫೀಲ್ಡ್ ಕಡೆಯ ಕಂಪನಿಗಳಲ್ಲಿ ಅಮೆರಿಕದ ಮಾತೃಸಂಸ್ಥೆಯ ಷೇರನ್ನು ಸಂಬಳದ ಭಾಗವಾಗಿ ಪಡೆಯುವವರು ಗಮನಿಸಿ: 45(2ಎ) ಮಾತಾಡುವುದು ಭಾರತದ ಡಿಪಾಸಿಟರಿಯಲ್ಲಿರುವ ಷೇರಿನ ಬಗ್ಗೆ. ನಿಮ್ಮ ವಿದೇಶಿ ಖಾತೆಯದು ಅದರೊಳಗೆ ಬರುವುದಿಲ್ಲ. ಅಲ್ಲಿ ದೀರ್ಘಾವಧಿಗೆ 24 ತಿಂಗಳು ಬೇಕು. ಸಂಬಳದಲ್ಲಿ ಯಾವ ಮೌಲ್ಯಕ್ಕೆ ತೆರಿಗೆ ಕಟ್ಟಿದ್ದೀರೋ ಅದೇ ಆ ಲಾಟ್‌ನ ಕೊಂಡ ಬೆಲೆ.

ಹೋದ ವರ್ಷ ಸರಾಸರಿ ಹಾಕಿಯೇ ರಿಟರ್ನ್ ಸಲ್ಲಿಸಿದ್ದೇನೆ. ಈಗ?

ಮೊದಲು ಫಿಫೋದಲ್ಲಿ ಮತ್ತೆ ಲೆಕ್ಕ ಹಾಕಿ, ವ್ಯತ್ಯಾಸ ಯಾವ ಕಡೆಗಿದೆ ನೋಡಿ. ಪರಿಷ್ಕೃತ ರಿಟರ್ನ್‌ನ ಗಡುವು ಇನ್ನೂ ಇದ್ದರೆ ಅದನ್ನೇ ಹಾಕಿ. ತೆರಿಗೆ ಹೆಚ್ಚಾದರೂ ಕಡಿಮೆಯಾದರೂ ಅದರಲ್ಲಿ ಸರಿಪಡಿಸಬಹುದು. ಗಡುವು ಮುಗಿದಿದ್ದರೆ ಉಳಿಯುವುದು ಅಪ್‌ಡೇಟೆಡ್ ರಿಟರ್ನ್. ಅದರಲ್ಲಿ ಬಾಕಿ ತೆರಿಗೆ ಮತ್ತು ಬಡ್ಡಿಯ ಮೇಲೆ ಇನ್ನಷ್ಟು ಹೆಚ್ಚುವರಿ ಮೊತ್ತ ಕಟ್ಟಬೇಕು, ಮೊದಲ ವರ್ಷದೊಳಗಾದರೆ ಶೇ 25, ತಡವಾದಷ್ಟೂ ಜಾಸ್ತಿ. ಹೆಚ್ಚು ಕಟ್ಟಿದ್ದನ್ನು ವಾಪಸ್ ಪಡೆಯಲು ಈ ದಾರಿ ಇಲ್ಲ. ಮಾರಿ ಉಳಿದ ಷೇರಿನ ಲಾಟ್ ಪಟ್ಟಿಯನ್ನೂ ತಿದ್ದಿಕೊಳ್ಳಿ. ಇಲ್ಲದಿದ್ದರೆ ಮುಂದಿನ ವರ್ಷದ ಲೆಕ್ಕವೂ ತಪ್ಪೇ.

ಇಲಾಖೆಯ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಬೇರೆ ಬೆಲೆ, ಬ್ರೋಕರ್ ವರದಿಯಲ್ಲಿ ಬೇರೆ. ಯಾವುದನ್ನು ನಂಬಲಿ?

ಕಾಂಟ್ರ್ಯಾಕ್ಟ್ ನೋಟನ್ನು. ಎಐಎಸ್‌ನಲ್ಲಿ ಮಾರಿದ ಮೊತ್ತ ಸಾಮಾನ್ಯವಾಗಿ ಸರಿಯಿರುತ್ತದೆ, ಕೊಂಡ ಬೆಲೆಯ ಕಾಲಂ ಅಷ್ಟು ಭರವಸೆಯದಲ್ಲ. ಬೋನಸ್, ವರ್ಗಾವಣೆ, ಉಡುಗೊರೆ, ತಂದೆತಾಯಿಯಿಂದ ಬಂದ ಷೇರು ಇವುಗಳಲ್ಲಿ ಹೆಚ್ಚಾಗಿ ಎಡವಟ್ಟಾಗುತ್ತದೆ. ಉಡುಗೊರೆ ಮತ್ತು ಪಿತ್ರಾರ್ಜಿತ ಷೇರಿಗೆ ಹಿಂದಿನ ಮಾಲೀಕರು ಕೊಂಡ ಬೆಲೆ ಮತ್ತು ತಾರೀಕೇ ನಿಮ್ಮದು. ಅದು ಯಾವ ಕಂಪ್ಯೂಟರಿಗೂ ತಾನಾಗಿ ಗೊತ್ತಾಗುವುದಿಲ್ಲ.

ಒಂದು ಹಾಳೆಯಲ್ಲಿ ಖಾತೆವಾರು ಬರೆಯಿರಿ: ಖಾತೆಗೆ ಬಂದ ದಿನ, ಕೊಂಡ ದಿನ, ಸಂಖ್ಯೆ, ಬೆಲೆ. ಪ್ರತಿ ಮಾರಾಟವನ್ನೂ ಮೇಲಿನಿಂದ ಕೆಳಕ್ಕೆ ಹೊಡೆದುಹಾಕುತ್ತ ಬನ್ನಿ. ಕೊನೆಗೆ ಹೊಡೆಯದೆ ಉಳಿದ ಸಂಖ್ಯೆಯೂ ಡಿಪಾಸಿಟರಿಯ ಸ್ಟೇಟ್‌ಮೆಂಟ್‌ನ ಸಂಖ್ಯೆಯೂ ಒಂದೇ ಆಗಬೇಕು. ಆಗದಿದ್ದರೆ ಬೋನಸ್ಸೋ ವಿಭಜನೆಯೋ ಬಿಟ್ಟುಹೋಗಿದೆ. ಎಐಎಸ್‌ನಲ್ಲಿ ಮಾರಿದ ಮೊತ್ತವೇ ತಪ್ಪಿದ್ದರೆ ಪೋರ್ಟಲ್‌ನಲ್ಲೇ ಪ್ರತಿಕ್ರಿಯೆ ಸಲ್ಲಿಸಿ. ದೇಶದ ಆದಾಯ ತೆರಿಗೆ ರಿಟರ್ನ್‌ಗಳನ್ನು ಸಂಸ್ಕರಿಸುವ ಸಿಪಿಸಿ ಇರುವುದು ನಮ್ಮ ಬೆಂಗಳೂರಿನಲ್ಲೇ ನಿಜ, ಆದರೆ ಊರಿನವರೆಂದು ಅಲ್ಲಿಗೆ ಹೋಗಿ ಕೌಂಟರ್‌ನಲ್ಲಿ ವಿವರಿಸಿ ಬರುವ ವ್ಯವಸ್ಥೆ ಇಲ್ಲ. ನೋಟಿಸ್ ಬಂದರೆ ಉತ್ತರವೂ ಪೋರ್ಟಲ್‌ನಲ್ಲೇ, ಜೊತೆಗೆ ಈ ಹಾಳೆ ಮತ್ತು ಕಾಂಟ್ರ್ಯಾಕ್ಟ್ ನೋಟ್‌ಗಳು.